ಡ್ರಮ್ಮಿಗೆ ಕಚ್ಚಿಸುವ ಕ್ಲಿಪ್ಪು

2007ರ ಅಕ್ಟೋಬರ್ 29. ಅಮೆರಿಕದ ಅಯೋವಾ ರಾಜ್ಯದ ಡಿ ಮಾಯ್ನ್ ನಗರದಲ್ಲಿ ಬಾರ್ಟನ್ ಸಾಲ್ವೆಂಟ್ಸ್ ಎಂಬ ಕಂಪನಿಯ ಗೋದಾಮು. ಅಲ್ಲಿನ ಕೆಲಸಗಾರರೊಬ್ಬರು 300 ಗ್ಯಾಲನ್ನಿನ, ಅಂದರೆ ಸುಮಾರು 1100 ಲೀಟರಿನ ಸ್ಟೀಲ್ ಟ್ಯಾಂಕಿಗೆ ಈಥೈಲ್ ಅಸಿಟೇಟ್ ತುಂಬಿಸುತ್ತಿದ್ದರು. ಬಣ್ಣ, ಇಂಕು, ಅಂಟುಗಳಲ್ಲಿ ಬಳಸುವ, ಹಣ್ಣಿನ ವಾಸನೆಯ ದ್ರಾವಕ ಅದು. ಟ್ಯಾಂಕಿನ ಮೇಲಿನ ಬಾಯಿಗೆ ಹೋಸ್‌ಪೈಪಿನ ನಾಜಲ್ ಇಳಿಬಿಟ್ಟು, ಅದು ಜಾರಿ ಹೊರಬರದಿರಲೆಂದು ಒಂದು ಸ್ಟೀಲಿನ ತೂಕ ತೂಗುಹಾಕಿದರು. ವಾಲ್ವ್ ತಿರುಗಿಸಿ, ತುಂಬುವವರೆಗೆ ಬೇರೆ ಕೆಲಸ ನೋಡೋಣವೆಂದು ಕೋಣೆಯ ಆ ಕಡೆಗೆ ಹೋದರು. ಹಿಂದಿನಿಂದ 'ಪಟ್' ಎಂಬ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಟ್ಯಾಂಕನ್ನು ಬೆಂಕಿ ಆವರಿಸಿತ್ತು. ನಾಜಲ್ ನೆಲಕ್ಕೆ ಬಿದ್ದು ಈಥೈಲ್ ಅಸಿಟೇಟನ್ನು ಸುರಿಸುತ್ತಲೇ ಇತ್ತು.

ಆ ಬೆಂಕಿ ಪಕ್ಕದ ದೊಡ್ಡ ಗೋದಾಮಿಗೂ ಹಬ್ಬಿ ಅದನ್ನು ಸುಟ್ಟುಹಾಕಿತು. ಒಬ್ಬ ಕೆಲಸಗಾರರಿಗೆ ಸಣ್ಣಪುಟ್ಟ ಗಾಯಗಳಾದವು, ಒಬ್ಬ ಅಗ್ನಿಶಾಮಕ ಸಿಬ್ಬಂದಿ ತಾಪಕ್ಕೆ ಬಳಲಿದರು. ಅಲ್ಲಿ ಯಾರೂ ಬೀಡಿ ಹಚ್ಚಿರಲಿಲ್ಲ, ವೆಲ್ಡಿಂಗ್ ನಡೆದಿರಲಿಲ್ಲ. ಅಮೆರಿಕದ ರಾಸಾಯನಿಕ ಅಪಘಾತ ತನಿಖಾ ಮಂಡಳಿ ಬೊಟ್ಟು ಮಾಡಿದ್ದು ನಾಜಲ್ ಮತ್ತು ಹೋಸ್‌ಪೈಪಿನಲ್ಲಿದ್ದ ಲೋಹದ ಭಾಗಗಳನ್ನು. ಅವನ್ನು ಯಾವ ತಂತಿಯೂ ಟ್ಯಾಂಕಿಗಾಗಲಿ ನೆಲಕ್ಕಾಗಲಿ ಜೋಡಿಸಿರಲಿಲ್ಲ. ದ್ರಾವಕ ಹರಿಯುತ್ತಿದ್ದಂತೆ ಅವುಗಳಲ್ಲಿ ಸ್ಥಾಯೀ ವಿದ್ಯುತ್ ಕೂಡುತ್ತಾ ಹೋಗಿ, ಒಂದು ಹಂತದಲ್ಲಿ ಟ್ಯಾಂಕಿನ ಮೈಗೆ ಕಿಡಿಯಾಗಿ ಹಾರಿತು.

ಸ್ಥಾಯೀ ವಿದ್ಯುತ್ತನ್ನು ನಾವೆಲ್ಲ ಅನುಭವಿಸಿದ್ದೇವೆ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುತ್ತದೆ, ಪ್ಲಾಸ್ಟಿಕ್ ಕುರ್ಚಿಯಿಂದೆದ್ದು ಬಾಗಿಲ ಹಿಡಿ ಮುಟ್ಟಿದರೆ ಚುರುಕ್ ಅನ್ನುತ್ತದೆ. ಎರಡು ವಸ್ತುಗಳು ತಾಗಿ ಬೇರೆಯಾದಾಗ ಒಂದರ ಮೈಮೇಲಿನ ಎಲೆಕ್ಟ್ರಾನುಗಳು ಇನ್ನೊಂದಕ್ಕೆ ಅಂಟಿಕೊಂಡು ಹೋಗುವುದರಿಂದ ಹೀಗಾಗುತ್ತದೆ. ಪೈಪಿನೊಳಗೆ ಹರಿಯುವ ಪೆಟ್ರೋಲು, ಥಿನ್ನರು, ಟೊಲುಯಿನ್ ಕೂಡ ಇದನ್ನೇ ಮಾಡುತ್ತವೆ. ಪೈಪಿನ ಗೋಡೆಗೆ ಒಂದು ಬಗೆಯ ಚಾರ್ಜು ಉಳಿಯುತ್ತದೆ, ಅದಕ್ಕೆ ಎದುರಾದ ಚಾರ್ಜನ್ನು ಹೊತ್ತುಕೊಂಡು ದ್ರವ ಮುಂದೆ ಸಾಗುತ್ತದೆ. ಹರಿವು ಜೋರಾದಷ್ಟೂ ಚಾರ್ಜು ಹೆಚ್ಚು. ನಡುವೆ ಫಿಲ್ಟರ್ ಇದ್ದರಂತೂ ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಉಜ್ಜಿ ಹಾಯುವ ದ್ರವ ಹತ್ತಾರು ಪಟ್ಟು ಚಾರ್ಜು ಹೊತ್ತು ಹೊರಬರುತ್ತದೆ.

ಬಾಗಿಲ ಹಿಡಿಯಿಂದ ಚುರುಕ್ ಎಂದದ್ದು ನಮಗೆ ತಿಳಿಯಬೇಕಾದರೆ ಮೈಮೇಲೆ ಸುಮಾರು 3000 ವೋಲ್ಟ್ ಕೂಡಿರಬೇಕು. ಆ ಕಿಡಿಯಲ್ಲಿರುವ ಶಕ್ತಿ ಒಂದು ಮಿಲಿಜೌಲಿನ ಆಸುಪಾಸು, ಜೌಲಿನ ಸಾವಿರದಲ್ಲೊಂದು ಪಾಲು. ಟೊಲುಯಿನ್ ಆವಿ ಗಾಳಿಯೊಂದಿಗೆ ಹದವಾಗಿ ಬೆರೆತಿದ್ದರೆ ಅದು ಹೊತ್ತಿಕೊಳ್ಳಲು 0.24 ಮಿಲಿಜೌಲ್ ಸಾಕು. ಬೆರಳಿಗೆ ತಿಳಿದೂ ತಿಳಿಯದಂಥ ಅತಿ ಚಿಕ್ಕ ಚುರುಕು ಕೂಡ ಬೇಕಾದುದರ ನಾಲ್ಕು ಪಟ್ಟು ಆಯಿತು. ಕಣ್ಣಿಗೆ ಕಾಣದ, ಮೈಗೆ ತಾಗದ ಕಿಡಿಯಿಂದಲೂ ಡ್ರಮ್ಮು ಹೊತ್ತಬಹುದು ಎಂಬುದನ್ನು ಗೋದಾಮಿನಲ್ಲಿ ಕೆಲಸ ಮಾಡುವವರಿಗೆ ನಂಬಿಸುವುದು ಕಷ್ಟ. 'ಇಷ್ಟು ವರ್ಷದಿಂದ ಹೀಗೇ ತುಂಬಿಸ್ತಿದೀವಿ, ಏನೂ ಆಗಿಲ್ಲ' ಅನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಬೆಂಕಿ ಹತ್ತಬೇಕಾದರೆ ಕಿಡಿಯೂ ಬೇಕು, ಆ ಕಿಡಿ ಹಾರುವ ಜಾಗದಲ್ಲೇ ಆವಿ ಹದವಾಗಿಯೂ ಇರಬೇಕು. ಎರಡೂ ಒಂದೇ ಕ್ಷಣಕ್ಕೆ ಕೂಡಿಬರುವುದು ಅಪರೂಪ. ಆದರೆ ಬೆಂಗಳೂರಿನ ಹವೆ ಈ ಹದದ ಮಟ್ಟಿಗೆ ನಮಗೆ ಅನುಕೂಲವಾಗಿಲ್ಲ.

ಟೊಲುಯಿನ್ ಆವಿ ಗಾಳಿಯಲ್ಲಿ ಶೇಕಡ 1.1ಕ್ಕಿಂತ ಕಡಿಮೆಯಿದ್ದರೆ ಹೊತ್ತುವುದಿಲ್ಲ, ಶೇಕಡ 7.1ಕ್ಕಿಂತ ಹೆಚ್ಚಾದರೂ ಹೊತ್ತುವುದಿಲ್ಲ, ಗಾಳಿ ಸಾಲದೆ ಹೋಗುತ್ತದೆ. ಅರ್ಧ ತುಂಬಿದ ಡ್ರಮ್ಮಿನೊಳಗೆ ದ್ರವದ ಮೇಲಿನ ಖಾಲಿ ಜಾಗದಲ್ಲಿ ಎಷ್ಟು ಆವಿ ನಿಲ್ಲುತ್ತದೆ ಎಂಬುದು ಉಷ್ಣಾಂಶಕ್ಕೆ ಬಿಟ್ಟದ್ದು. 30 ಡಿಗ್ರಿಯಲ್ಲಿ ಅದು ಶೇಕಡ 4.8ರ ಹತ್ತಿರ. ಲೆಕ್ಕ ಹಾಕಿ ನೋಡಿದರೆ ಸುಮಾರು 4 ಡಿಗ್ರಿಯಿಂದ 38 ಡಿಗ್ರಿಯವರೆಗೂ ಮುಚ್ಚಿದ ಡ್ರಮ್ಮಿನೊಳಗಿನ ಆವಿ ಹೊತ್ತಿಕೊಳ್ಳುವ ಮಿತಿಯೊಳಗೇ ಇರುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ವರ್ಷದ ಬಹುಪಾಲು ದಿನ ಇದೇ ವ್ಯಾಪ್ತಿ. ಪೆಟ್ರೋಲಿನದು ಇನ್ನೊಂದು ಬಗೆ. ಅದು ಎಷ್ಟು ಬೇಗ ಆವಿಯಾಗುತ್ತದೆಂದರೆ ತುಂಬಿದ ಟ್ಯಾಂಕಿನೊಳಗೆ ಆವಿ ಮಿತಿ ಮೀರಿ ದಟ್ಟವಾಗಿಬಿಡುತ್ತದೆ, ಅಪಾಯವಿರುವುದು ಹೊರಗಾಳಿ ಬೆರೆಯುವ ಬಾಯಿಯ ಬಳಿ. ಮನೆಮಂದಿಗೆಲ್ಲ ಪೆಟ್ರೋಲೆಂದರೆ ಭಯ, ಟೊಲುಯಿನ್ ಬೆರೆಸಿದ ಥಿನ್ನರ್ ಎಂದರೆ ಸಲುಗೆ. ಡ್ರಮ್ಮಿನ ಒಳಗಿನ ಆವಿಯ ಮಟ್ಟಿಗೆ ಹೇಳುವುದಾದರೆ ಇದು ತಲೆಕೆಳಗು.

ಈಗ ಒಂದು ಡ್ರಮ್ಮಿನ ಲೆಕ್ಕ ಮಾಡೋಣ. 200 ಲೀಟರಿನ ಕಬ್ಬಿಣದ ಡ್ರಮ್ಮನ್ನು ಮರದ ಪ್ಯಾಲೆಟ್ಟಿನ ಮೇಲೋ, ತೂಕದ ಯಂತ್ರದ ರಬ್ಬರ್ ಹಾಸಿನ ಮೇಲೋ ನಿಲ್ಲಿಸಿದ್ದಾರೆ. ಟ್ಯಾಂಕಿನಿಂದ ಪೈಪಿನ ಮೂಲಕ ಟೊಲುಯಿನ್ ಬೀಳುತ್ತಿದೆ, ನಿಮಿಷಕ್ಕೆ 100 ಲೀಟರು. ಪ್ರತಿ ಘನ ಮೀಟರ್ ದ್ರವ 10 ಮೈಕ್ರೊಕೂಲಂಬ್ ಚಾರ್ಜು ಹೊತ್ತು ತರುತ್ತಿದೆ ಎಂದಿಟ್ಟುಕೊಳ್ಳೋಣ, ಇದೇನೂ ಅತಿಯಲ್ಲ. ಅರ್ಧ ನಿಮಿಷದಲ್ಲಿ 50 ಲೀಟರ್ ಬಿದ್ದರೆ ಡ್ರಮ್ಮಿನಲ್ಲಿ ಕೂಡಿದ್ದು ಅರ್ಧ ಮೈಕ್ರೊಕೂಲಂಬ್. ಇಂಥ ಡ್ರಮ್ಮಿನ ವಿದ್ಯುತ್ ಧಾರಣಶಕ್ತಿ 100 ಪಿಕೊಫ್ಯಾರಡ್ ಎಂದುಕೊಂಡರೆ, ಚಾರ್ಜು ಎಲ್ಲಿಗೂ ಸೋರಿ ಹೋಗದೆ ಅದರ ಮೈ 5000 ವೋಲ್ಟಿಗೇರುತ್ತದೆ. ಆಗ ಪಕ್ಕದ ನಾಜಲ್ಲಿಗೋ, ಮುಟ್ಟಲು ಬಂದವರ ಬೆರಳಿಗೋ ಹಾರುವ ಕಿಡಿಯಲ್ಲಿ 1.25 ಮಿಲಿಜೌಲ್ ಇರುತ್ತದೆ. ಟೊಲುಯಿನ್‌ಗೆ ಬೇಕಾದುದರ ಐದು ಪಟ್ಟು. ಡ್ರಮ್ಮಿನ್ನೂ ಕಾಲು ಭಾಗವೇ ತುಂಬಿದೆ, ಕಿಡಿ ಹಾರುವ ಜಾಗವಾದರೋ ಆವಿ ಹೊರಬರುವ ಬಾಯಿಯೇ.

ಇದೇ ಡ್ರಮ್ಮಿನಿಂದ ನೆಲದ ಅರ್ಥಿಂಗ್ ಪಟ್ಟಿಗೆ ಒಂದು ತಂತಿ ಕಟ್ಟಿದ್ದರೆ? ಅರ್ಧ ನಿಮಿಷಕ್ಕೆ ಅರ್ಧ ಮೈಕ್ರೊಕೂಲಂಬ್ ಅಂದರೆ ಆಂಪಿಯರಿನ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ ಕರೆಂಟು. ಅದು ಬಂದಂತೆಲ್ಲ ತಂತಿಯಲ್ಲಿ ಹರಿದು ಹೋಗುತ್ತದೆ, ಡ್ರಮ್ಮಿನ ವೋಲ್ಟೇಜ್ ಸೊನ್ನೆಯಿಂದ ಮೇಲೇಳುವುದೇ ಇಲ್ಲ. ಕರೆಂಟು ಇಷ್ಟು ಚಿಕ್ಕದಾದ್ದರಿಂದ ಆ ತಂತಿಯ ರೋಧ ಹತ್ತು ಲಕ್ಷ ಓಮ್ ಇದ್ದರೂ ಸ್ಥಾಯೀ ವಿದ್ಯುತ್ತನ್ನು ಇಳಿಸಲು ಸಾಕು. ಹಾಗಿದ್ದರೂ ತಜ್ಞರು 10 ಓಮ್ ಮೀರಬಾರದು ಎಂದು ಪಟ್ಟು ಹಿಡಿಯುವುದೇಕೆ? ತಾಮ್ರದ ತಂತಿ, ಲೋಹದ ಕ್ಲಿಪ್ಪು, ಲೋಹದ ಡ್ರಮ್ಮು ಇಷ್ಟೇ ಇರುವ ದಾರಿಯಲ್ಲಿ 10 ಓಮಿಗಿಂತ ಹೆಚ್ಚು ತೋರಿಸಿದರೆ ಎಲ್ಲೋ ತುಕ್ಕು ಹಿಡಿದಿದೆ, ಸ್ಕ್ರೂ ಸಡಿಲವಾಗಿದೆ, ತಂತಿಯ ಎಳೆಗಳು ಒಳಗೇ ಮುರಿದಿವೆ ಎಂದರ್ಥ. ಈ ಹೊತ್ತು 50 ಓಮ್ ತೋರಿಸಿದ ಜೋಡಣೆ ನಾಳೆ ಪೂರ್ತಿ ಕಡಿದಿರಬಹುದು.

ಅರ್ಥಿಂಗ್, ಬಾಂಡಿಂಗ್ ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಎರಡು ನೀರಿನ ತೊಟ್ಟಿಗಳನ್ನು ನೆನೆಸಿಕೊಳ್ಳಿ. ನಡುವೆ ಪೈಪು ಹಾಕಿದರೆ ಎರಡರ ನೀರೂ ಒಂದೇ ಮಟ್ಟಕ್ಕೆ ಬರುತ್ತದೆ, ಒಂದರಿಂದ ಇನ್ನೊಂದಕ್ಕೆ ನೀರು ಧುಮುಕುವ ಪ್ರಸಂಗವೇ ಇಲ್ಲ. ಇದು ಬಾಂಡಿಂಗ್: ಟ್ಯಾಂಕರಿನಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಪಂಪಿಗೆ, ಪಂಪಿನಿಂದ ಕ್ಯಾನಿಗೆ ತಂತಿಯ ಜೋಡಣೆ. ಆದರೆ ಎರಡೂ ತೊಟ್ಟಿ ಒಟ್ಟಿಗೇ ತುಂಬಿ ಎತ್ತರಕ್ಕೇರಬಹುದಲ್ಲ, ಅವೆರಡರಲ್ಲೊಂದಕ್ಕೆ ಕೆರೆಗೆ ಹೋಗುವ ತೂಬು ತೆಗೆದರೆ ಅದು ಅರ್ಥಿಂಗ್. ಬರೇ ಬಾಂಡಿಂಗ್ ಮಾಡಿದರೆ ಡ್ರಮ್ಮು-ಕ್ಯಾನುಗಳ ನಡುವೆ ಕಿಡಿ ಹಾರದು, ಆದರೆ ನೆಲದ ಮೇಲೆ ನಿಂತ ಮನುಷ್ಯ ಅವನ್ನು ಮುಟ್ಟಿದಾಗ ಹಾರಬಹುದು. ಬರೇ ಡ್ರಮ್ಮಿಗೆ ಅರ್ಥಿಂಗ್ ಮಾಡಿ ನಾಜಲ್ಲನ್ನು ಮರೆತರೆ ಡಿ ಮಾಯ್ನ್‌ನಲ್ಲಿ ಆದದ್ದು ಆಗುತ್ತದೆ. ನೆನಪಿಡಬೇಕಾದ್ದು ಆ ತೂಗುಹಾಕಿದ ಸ್ಟೀಲಿನ ತೂಕವನ್ನು. ಯಾವುದಕ್ಕೂ ಜೋಡಣೆಯಾಗದೆ ಒಂಟಿಯಾಗಿ ಉಳಿದ ಪ್ರತಿಯೊಂದು ಲೋಹದ ತುಂಡೂ ಚಾರ್ಜು ಕೂಡಿಡುವ ಪಾತ್ರೆ: ರಬ್ಬರ್ ಹೋಸಿನ ತುದಿಯ ಕಪ್ಲಿಂಗ್, ಪ್ಲಾಸ್ಟಿಕ್ ಡ್ರಮ್ಮಿನ ಬಾಯಿಗಿಟ್ಟ ತಗಡಿನ ಆಲಿಕೆ, ಹಿಡಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿದ ಬಕೆಟ್ಟು. ಬಕೆಟ್ಟನ್ನು ನಲ್ಲಿಯ ಮೂತಿಗೆ ತೂಗುಹಾಕಿ ದ್ರಾವಕ ಹಿಡಿಯುವುದು ನಮ್ಮಲ್ಲಿ ಸಾಮಾನ್ಯ. ನಲ್ಲಿಯೂ ಲೋಹ, ಬಕೆಟ್ಟೂ ಲೋಹ, ತಾಗಿಕೊಂಡಿವೆಯಲ್ಲ ಎಂದು ಕಣ್ಣಿಗೆ ಅನ್ನಿಸುತ್ತದೆ. ಅವುಗಳ ನಡುವೆ ಎರಡು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಕೊಳವೆ ಇದೆ.

ಕ್ಲಿಪ್ಪಿನ ವಿಷಯಕ್ಕೆ ಬರೋಣ. ಥಿನ್ನರ್ ತುಂಬಿಸುವ ಒಂದು ಶೆಡ್ಡಿನಲ್ಲಿ ನಾನು ಹತ್ತಿರದಿಂದ ನೋಡಿದ ಕ್ಲಿಪ್ಪು ಬ್ಯಾಟರಿ ಚಾರ್ಜರಿನದು, ಹಲ್ಲುಗಳು ಸವೆದು ನುಣ್ಣಗಾಗಿದ್ದವು. ಅದನ್ನು ಡ್ರಮ್ಮಿನ ಮೇಲಂಚಿಗೆ ಕಚ್ಚಿಸಿದ್ದರು. ಡ್ರಮ್ಮಿಗೆ ದಪ್ಪ ನೀಲಿ ಬಣ್ಣ. ಕ್ಲಿಪ್ಪು ತೆಗೆದು ನೋಡಿದರೆ ಬಣ್ಣದ ಮೇಲೆ ಉಗುರಿನಿಂದ ಗೀರಿದಂಥ ಎರಡು ಗುರುತು, ಬೆಳ್ಳಗಿನ ಲೋಹ ಎಲ್ಲಿಯೂ ಕಾಣಿಸಲಿಲ್ಲ. ಮೂರು ವರ್ಷದಿಂದ ಅಲ್ಲಿ ಪ್ರತಿ ಡ್ರಮ್ಮಿಗೂ ತಪ್ಪದೆ ಅರ್ಥಿಂಗ್ ಹಾಕುತ್ತಿದ್ದರು, ರಿಜಿಸ್ಟರಿನಲ್ಲಿ ಟಿಕ್ಕೂ ಬೀಳುತ್ತಿತ್ತು. ಹಾಕುತ್ತಿದ್ದುದು ಬಣ್ಣಕ್ಕೆ. ಒಳ್ಳೆಯ ಕ್ಲಾಂಪಿನ ಹಲ್ಲುಗಳು ಗಟ್ಟಿ ಉಕ್ಕಿನವಾಗಿ, ಚೂಪಾಗಿ, ಸ್ಪ್ರಿಂಗ್ ಬಿಗಿಯಾಗಿ ಇರುತ್ತದೆ. ಕಚ್ಚಿಸಿ ಸ್ವಲ್ಪ ಅಲುಗಾಡಿಸಿದರೆ ಅದು ಬಣ್ಣವನ್ನೂ ತುಕ್ಕನ್ನೂ ಕೊರೆದುಕೊಂಡು ಲೋಹಕ್ಕೆ ಇಳಿಯುತ್ತದೆ. ತೆಗೆದ ಮೇಲೆ ಅಂಚಿನಲ್ಲಿ ಹೊಳೆಯುವ ಚುಕ್ಕೆಗಳು ಕಾಣಬೇಕು, ಕಾಣದಿದ್ದರೆ ಅದು ಕಚ್ಚಿಲ್ಲ. ಸಂದೇಹವಿದ್ದರೆ ಕೆಲಸ ಶುರುವಾಗುವ ಮೊದಲು, ಮುಚ್ಚಳಗಳೆಲ್ಲ ಮುಚ್ಚಿರುವಾಗ, ಆವಿ ಇಲ್ಲದ ಕಡೆ ಡ್ರಮ್ಮಿನ ಲೋಹಕ್ಕೂ ಅರ್ಥಿಂಗ್ ಪಟ್ಟಿಗೂ ನಡುವಿನ ರೋಧ ಅಳೆದು ನೋಡಬೇಕು. ತೆರೆದ ದ್ರಾವಕದ ಪಕ್ಕದಲ್ಲಿ ಸಾದಾ ಮಲ್ಟಿಮೀಟರ್ ಹಿಡಿದು ನಿಲ್ಲಬಾರದು, ಅದು ಆ ಜಾಗಕ್ಕೆ ತಯಾರಾದುದಲ್ಲ. ದೊಡ್ಡ ಟರ್ಮಿನಲ್ಲುಗಳಲ್ಲಿ ಈ ರೋಧವನ್ನು ತಾನೇ ಅಳೆಯುತ್ತಲೇ ಇರುವ ಪೆಟ್ಟಿಗೆಗಳಿವೆ. ಜೋಡಣೆ ಸರಿಯಿದ್ದರೆ ಹಸಿರು ದೀಪ, ತಪ್ಪಿದರೆ ಪಂಪೇ ನಿಲ್ಲುತ್ತದೆ.

ಪೆಟ್ರೋಲ್ ಟ್ಯಾಂಕರಿನ ಕೆಳಗೆ ರಸ್ತೆಗೆ ಉಜ್ಜುತ್ತಾ ಹೋಗುವ ಸರಪಳಿಯನ್ನು ನೋಡಿ ನಾವೆಲ್ಲ ಬೆಳೆದವರು. ಅದು ಇದೇ ಉದ್ದೇಶಕ್ಕೆ ಬಂದದ್ದು. ಆದರೆ ಈಗಿನ ಟೈರುಗಳಲ್ಲಿರುವ ಕಾರ್ಬನ್ ಪುಡಿಯೇ ಓಡುವಾಗಿನ ಚಾರ್ಜನ್ನು ಸಾಕಷ್ಟು ಇಳಿಸುತ್ತದೆ. ಲೋಡು ತುಂಬಿಸುವಾಗ, ಇಳಿಸುವಾಗ ಆ ಸರಪಳಿಯನ್ನು ನೆಚ್ಚುವಂತಿಲ್ಲ. ಒಣಗಿದ ಕಾಂಕ್ರೀಟಿನ ಮೇಲೆ ಹಗುರಾಗಿ ಕೂತ, ಎಣ್ಣೆ-ಧೂಳು ಮೆತ್ತಿದ ಕೊಂಡಿಗಳು ಎಷ್ಟು ಕರೆಂಟು ದಾಟಿಸುತ್ತವೆಂದು ಯಾರೂ ಹೇಳಲಾರರು. ಟ್ಯಾಂಕರಿಗೆ ಅರ್ಥಿಂಗ್ ತಂತಿಯನ್ನೇ ಜೋಡಿಸಬೇಕು, ಅದಕ್ಕೊಂದು ಕ್ರಮವೂ ಇದೆ. ಎಂಜಿನ್ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ಮೊದಲು ಕ್ಲಾಂಪು. ಆಮೇಲೆ ಮುಚ್ಚಳ, ಹೋಸು, ವಾಲ್ವು. ಕ್ಲಾಂಪನ್ನು ಕಚ್ಚಿಸುವ ಜಾಗವೂ ಬಾಯಿಯಿಂದ, ಆವಿ ಬಿಡುವ ಕೊಳವೆಯಿಂದ ದೂರವಿರಬೇಕು. ಇದಕ್ಕೆ ನೇರ ಕಾರಣವಿದೆ: ಟ್ಯಾಂಕರಿನ ಮೈಯಲ್ಲಿ ಆಗಲೇ ಚಾರ್ಜು ಕೂತಿದ್ದರೆ ಕ್ಲಾಂಪು ತಾಗಿದ ಕ್ಷಣಕ್ಕೇ ಕಿಡಿ ಹಾರುತ್ತದೆ. ಆ ಕಿಡಿ ಆವಿ ಇಲ್ಲದ ಕಡೆ, ಆವಿ ಇಲ್ಲದ ಹೊತ್ತಿನಲ್ಲಿ ಹಾರಿಹೋಗಲಿ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಬೆಂಕಿ ಬಿದ್ದದ್ದಿದೆ, ಅದೂ ಅದೇ ಬಾರ್ಟನ್ ಕಂಪನಿಯಲ್ಲಿ. ಡಿ ಮಾಯ್ನ್ ಘಟನೆಗೆ ಮೂರು ತಿಂಗಳ ಹಿಂದೆ, 2007ರ ಜುಲೈ 17ರಂದು, ಕ್ಯಾನ್ಸಸ್ ರಾಜ್ಯದ ವ್ಯಾಲಿ ಸೆಂಟರ್ ಊರಿನಲ್ಲಿ ಟ್ಯಾಂಕರಿನಿಂದ ನೆಲದ ಮೇಲಿನ ದೊಡ್ಡ ಟ್ಯಾಂಕಿಗೆ ಬಣ್ಣ-ವಾರ್ನಿಷಿಗೆ ಬಳಸುವ ನಾಫ್ತಾ ಇಳಿಸುತ್ತಿದ್ದರು. ಟ್ಯಾಂಕರು, ಪಂಪು, ಟ್ಯಾಂಕು ಎಲ್ಲಕ್ಕೂ ಬಾಂಡಿಂಗ್, ಅರ್ಥಿಂಗ್ ಇತ್ತು. ಆದರೂ ಟ್ಯಾಂಕು ಸಿಡಿದು ಗಾಳಿಗೆ ಹಾರಿತು, ಸುಮಾರು 6000 ಜನ ಮನೆ ಬಿಟ್ಟು ಹೋಗಬೇಕಾಯಿತು. ತನಿಖೆಯಲ್ಲಿ ಬಂದ ಸಂಗತಿ ಹೀಗಿದೆ. ಟ್ಯಾಂಕಿನೊಳಗೆ ದ್ರವದ ಮಟ್ಟ ತೋರಿಸುವ ಲೋಹದ ತೇಲು ಇತ್ತು, ಅದರ ಕೊಂಡಿ ಸಡಿಲವಾಗಿತ್ತು. ಪೈಪಿನಲ್ಲಿ ಸಿಕ್ಕಿದ್ದ ಗಾಳಿ ನುಗ್ಗಿ ದ್ರವ ಕಲಕಿದಾಗ ಚಾರ್ಜು ಬೇಗ ಏರಿತು, ತೇಲೂ ಅಲ್ಲಾಡಿ ಕೊಂಡಿಯ ಲೋಹ-ಲೋಹಗಳ ನಡುವೆ ಕೂದಲೆಳೆಯಷ್ಟು ಅಂತರ ಬಿದ್ದು ಅಲ್ಲಿ ಕಿಡಿ ಹಾರಿರಬೇಕು. ಆ ಹೊತ್ತಿನ ಉಷ್ಣಾಂಶದಲ್ಲಿ ನಾಫ್ತಾದ ಆವಿ, ನಮ್ಮ ಟೊಲುಯಿನ್ನಿನಂತೆಯೇ, ಹೊತ್ತಿಕೊಳ್ಳುವ ಮಿತಿಯೊಳಗಿತ್ತು.

ಇದು ತಂತಿಯ ಮಿತಿಯನ್ನು ತೋರಿಸುತ್ತದೆ. ತಂತಿ ಲೋಹದಲ್ಲಿರುವ ಚಾರ್ಜನ್ನು ಇಳಿಸುತ್ತದೆ, ದ್ರವದೊಳಗೆ ಇರುವುದನ್ನಲ್ಲ. ಅಸಿಟೋನ್, ಮೆಥನಾಲ್‌ಗಳು ವಿದ್ಯುತ್ತನ್ನು ತಕ್ಕಮಟ್ಟಿಗೆ ಹರಿಯಗೊಡುತ್ತವೆ. ಪಾತ್ರೆಗೆ ಅರ್ಥಿಂಗ್ ಇದ್ದರೆ ಅವುಗಳೊಳಗಿನ ಚಾರ್ಜು ಬಿದ್ದ ಕೂಡಲೇ ಗೋಡೆಗೆ ಇಳಿದುಹೋಗುತ್ತದೆ. ಟೊಲುಯಿನ್, ಹೆಕ್ಸೇನ್, ನಾಫ್ತಾಗಳು ಹಾಗಲ್ಲ. ಶುದ್ಧ ಟೊಲುಯಿನ್‌ನಲ್ಲಿ ಚಾರ್ಜು ಮೂರನೇ ಒಂದು ಭಾಗಕ್ಕೆ ಇಳಿಯಲು ಸುಮಾರು ಇಪ್ಪತ್ತು ಸೆಕೆಂಡು ಅಥವಾ ಇನ್ನೂ ಹೆಚ್ಚು ಬೇಕು. ಅಷ್ಟರಲ್ಲಿ ಹೊಸ ಚಾರ್ಜು ಬಂದು ಬೀಳುತ್ತಲೇ ಇರುತ್ತದೆ. ಆದ್ದರಿಂದಲೇ ನಿಧಾನವಾಗಿ ತುಂಬಿಸಬೇಕು. ಪೈಪಿನ ಬಾಯಿ ದ್ರವದಲ್ಲಿ ಮುಳುಗುವವರೆಗೆ ಹರಿವಿನ ವೇಗ ಸೆಕೆಂಡಿಗೆ ಒಂದು ಮೀಟರ್ ಮೀರಬಾರದು. ಎರಡಿಂಚಿನ ಪೈಪಿನಲ್ಲಿ ಇದು ನಿಮಿಷಕ್ಕೆ ಸುಮಾರು 120 ಲೀಟರಾಗುತ್ತದೆ. ಈ ವೇಗದಲ್ಲಿ 200 ಲೀಟರಿನ ಡ್ರಮ್ಮು ತುಂಬಲು ಒಂದೂಮುಕ್ಕಾಲು ನಿಮಿಷ ಹತ್ತಿರ ಬೇಕು. ಗಡಿಯಾರ ನೋಡಿಯೇ ತಿಳಿಯಬಹುದಾದ ಲೆಕ್ಕ, ಮೀಟರೂ ಬೇಕಿಲ್ಲ. ಮೇಲಿಂದ ಸುರಿದರೆ ದ್ರವ ಸಿಡಿದು ಹನಿ ಹನಿಯಾಗಿ ಇನ್ನಷ್ಟು ಚಾರ್ಜು ಹುಟ್ಟುತ್ತದೆ. ಅದಕ್ಕೆ ಪೈಪನ್ನು ತಳದವರೆಗೆ ಇಳಿಬಿಡಬೇಕು. ಫಿಲ್ಟರ್ ಇದ್ದರೆ ಅದಾದ ಮೇಲೆ ಕನಿಷ್ಠ 30 ಸೆಕೆಂಡು ಹರಿಯುವಷ್ಟು ಪೈಪಿನ ದಾರಿ ಇರಬೇಕು, ದ್ರವ ಅಷ್ಟರಲ್ಲಿ ತಣಿಯುತ್ತದೆ. ತುಂಬಿದ ಕೂಡಲೇ ಅವಸರದಲ್ಲಿ ಲೋಹದ ಡಿಪ್ ರಾಡ್ ಇಳಿಸುವುದು ಅತ್ಯಂತ ಕೆಟ್ಟ ಅಭ್ಯಾಸ. ಚಾರ್ಜು ತುಂಬಿದ ದ್ರವದ ಮೇಲ್ಮೈಗೆ ರಾಡು ಹತ್ತಿರವಾದಾಗ ಆವಿಯ ನಡುವೆಯೇ ಕಿಡಿ ಹಾರುತ್ತದೆ. ಟ್ಯಾಂಕರಿನಲ್ಲಾದರೆ ಒಂದು ನಿಮಿಷವಾದರೂ ಕಾಯಬೇಕು, ದೊಡ್ಡ ಸಂಗ್ರಹ ಟ್ಯಾಂಕಿನಲ್ಲಿ ಅರ್ಧ ಗಂಟೆ.

ಮಂಗಳೂರಿನ ಕಡೆಯವರು ಕೇಳುತ್ತಾರೆ, ನಮ್ಮಲ್ಲಿ ಗಾಳಿಯೇ ತೇವ, ಸ್ಟ್ಯಾಟಿಕ್ ಎಲ್ಲಿಂದ ಬರಬೇಕು ಎಂದು. ತೇವದ ಗಾಳಿ ಬಟ್ಟೆಯ ಮೇಲಿನ, ಪ್ಲಾಸ್ಟಿಕ್ಕಿನ ಮೇಲಿನ ಚಾರ್ಜನ್ನು ಸೋರಿಸುವುದು ನಿಜ. ಆದರೆ ಪೈಪಿನೊಳಗೆ ಹರಿಯುವ ಟೊಲುಯಿನ್‌ಗೆ ಹೊರಗಿನ ತೇವ ತಗಲುವುದಿಲ್ಲ. ಮಳೆಗಾಲದಲ್ಲಿ ಟ್ಯಾಂಕಿನ ತಳದಲ್ಲಿ ನೀರು ಸೇರಿಕೊಂಡು ದ್ರಾವಕದೊಂದಿಗೆ ಹನಿ ಹನಿಯಾಗಿ ಕಲಕಿದರೆ ಚಾರ್ಜು ಇನ್ನೂ ಹೆಚ್ಚುತ್ತದೆ.

ಪ್ಲಾಸ್ಟಿಕ್ ಕ್ಯಾನಿಗೆ ಕ್ಲಿಪ್ಪು ಹಾಕಿ ಅರ್ಥಿಂಗ್ ಮಾಡಿದೆ ಎಂದುಕೊಂಡವರಿದ್ದಾರೆ. ಚಾರ್ಜು ಹರಿದುಬರಲು ಪ್ಲಾಸ್ಟಿಕ್ಕಿನಲ್ಲಿ ದಾರಿಯೇ ಇಲ್ಲ, ಆ ಕ್ಲಿಪ್ಪಿನಿಂದ ಏನೂ ಆಗದು. ಟೊಲುಯಿನ್‌ನಂಥ ದ್ರಾವಕಕ್ಕೆ ಲೋಹದ ಪಾತ್ರೆಯೇ ಆಗಬೇಕು. ತುಂಬಿಸುವವರ ಮೈಯೂ ಒಂದು ಪಾತ್ರೆಯೇ. ದಪ್ಪ ರಬ್ಬರಿನ ಗಮ್‌ಬೂಟು ತೊಟ್ಟು ಪಾಲಿಯೆಸ್ಟರ್ ಅಂಗಿಯಲ್ಲಿ ಓಡಾಡಿದವರು ನೆಲದಿಂದ ಬೇರ್ಪಟ್ಟ ಇನ್ನೊಂದು ಡ್ರಮ್ಮಿದ್ದಂತೆ. ಅವರಿಗೆ ಚಾರ್ಜು ಇಳಿಸುವ ಸೋಲಿನ ಬೂಟು, ಹತ್ತಿ ಬಟ್ಟೆ ಕೊಡಬೇಕು. ಆ ಬೂಟು ಕೆಲಸ ಮಾಡಬೇಕಾದರೆ ನೆಲವೂ ವಿದ್ಯುತ್ತನ್ನು ದಾಟಗೊಡುವಂತಿರಬೇಕು, ಎಪಾಕ್ಸಿ ಬಣ್ಣ ಬಳಿದು ಫಳಫಳಿಸುವ ನೆಲ ಆ ದಾರಿಯನ್ನು ಮುಚ್ಚಿಬಿಡುತ್ತದೆ.

ಕೆಲಸ ಮುಗಿದಾಗ ಕ್ರಮ ತಿರುಗುಮುರುಗಾಗುತ್ತದೆ. ವಾಲ್ವ್ ಮುಚ್ಚಿ, ಹೋಸು ಬಿಚ್ಚಿ, ಡ್ರಮ್ಮಿನ ಮುಚ್ಚಳ ಬಿಗಿದು, ಹೊರಗೆ ಬಿದ್ದ ಹನಿ ಒರೆಸಿ, ಆವಿ ಚದುರಿದ ಮೇಲೆ ಕೊನೆಗೆ ಕೈ ಹಾಕುವುದು ಕ್ಲಿಪ್ಪಿಗೆ.